ಮಳೆಗಾಲದ ಜ್ವರ ಮತ್ತು ಸೊಳ್ಳೆ: ತಪ್ಪು ನಂಬಿಕೆ, ವಾಸ್ತವ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಳೆಗಾಲ ಬಂತೆಂದರೆ ಪಾಲಿಕೆಯ ಆರೋಗ್ಯ ಕಚೇರಿಯ ಗೋಡೆಯ ಮೇಲೆ ಒಂದು ಭಿತ್ತಿಪತ್ರ ಕಾಣಿಸಿಕೊಳ್ಳುತ್ತದೆ. ಎಡಗಡೆ ‘ತಪ್ಪು ನಂಬಿಕೆ’, ಬಲಗಡೆ ‘ವಾಸ್ತವ’. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ನೀವೆಲ್ಲರೂ ಅದನ್ನು ಎಲ್ಲಾದರೂ ನೋಡಿರುತ್ತೀರಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ಆದರೂ ಭಿತ್ತಿಪತ್ರದಲ್ಲಿ ಹೇಳಬೇಕಾದ ಮಾತು ಬದಲಾಗಿಲ್ಲ. ತೊಂದರೆ ಏನೆಂದರೆ, ಅದರಲ್ಲಿ ಒಂದೊಂದು ಸಾಲು ಮಾತ್ರ ಇರುತ್ತದೆ. ಹಾಗೇಕೆ ಎಂಬುದಕ್ಕೆ ಅಲ್ಲಿ ಜಾಗವಿರುವುದಿಲ್ಲ. ಕಾರಣ ತಿಳಿಯದ ಮಾತನ್ನು ಜನ ಓದುತ್ತಾರೆ, ಪಾಲಿಸುವುದಿಲ್ಲ. ಆದ್ದರಿಂದ ಇವತ್ತು ಅಂಥ ನಾಲ್ಕು ನಂಬಿಕೆಗಳನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದರ ಹಿಂದಿನ ಕಾರಣವನ್ನು ನಿಮ್ಮ ಮುಂದೆ ಇಡುತ್ತೇನೆ.

ನಂಬಿಕೆ ಒಂದು: ಡೆಂಗಿ ಬರುವುದು ಮೋರಿಯ ಸೊಳ್ಳೆಯಿಂದ

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಈ ನಂಬಿಕೆ ಬಲವಾಗಿರುವುದು ಸಹಜ. ವೃಷಭಾವತಿ ನಮ್ಮ ನಡುವೆಯೇ ಹರಿದು ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯ ಕಡೆಗೆ ಹೋಗುತ್ತದೆ. ಒಂದು ಕಾಲದ ಹೊಳೆ ಇಂದು ಊರಿನ ಕೊಳಚೆ ಹೊರುವ ರಾಜಕಾಲುವೆಯಾಗಿದೆ. ಸಂಜೆಯಾದರೆ ಅದರ ದಂಡೆಯ ಮನೆಗಳಿಗೆ ಸೊಳ್ಳೆ ಮುತ್ತುವುದೂ ನಿಜ. ಹೀಗಾಗಿ ಒಬ್ಬರಿಗೆ ಡೆಂಗಿ ಬಂದರೆ ಬೀದಿಯವರೆಲ್ಲ ಕಾಲುವೆಯ ಕಡೆ ಕೈ ತೋರಿಸುತ್ತಾರೆ.

ಆದರೆ ಸೊಳ್ಳೆಗಳೆಲ್ಲ ಒಂದೇ ಜಾತಿಯವಲ್ಲ. ಕೊಳಚೆಯಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಅದು ರಾತ್ರಿ ಕಚ್ಚುತ್ತದೆ, ನಿದ್ದೆ ಕೆಡಿಸುತ್ತದೆ, ಕೆಲವು ಪ್ರದೇಶಗಳಲ್ಲಿ ಆನೆಕಾಲು ರೋಗವನ್ನೂ ಹರಡುತ್ತದೆ. ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವುದು ಈಡಿಸ್ ಜಾತಿಯ ಸೊಳ್ಳೆ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟಿ. ಇದು ಹಗಲು ಕಚ್ಚುತ್ತದೆ. ಅದರಲ್ಲೂ ಬೆಳಿಗ್ಗೆ ಸೂರ್ಯ ಮೂಡಿದ ನಂತರದ ಒಂದೆರಡು ಗಂಟೆ, ಸಂಜೆ ಮುಳುಗುವ ಮುಂಚಿನ ಒಂದೆರಡು ಗಂಟೆ ಇದರ ಹಾವಳಿ ಜಾಸ್ತಿ. ಇದಕ್ಕೆ ಮೋರಿಯ ನೀರು ಬೇಡ. ನಾವು ಸ್ನಾನಕ್ಕೆ, ಅಡುಗೆಗೆ, ವುಜೂಗೆ ಹಿಡಿದಿಟ್ಟ ನೀರಿನಂಥ ತಿಳಿನೀರೇ ಬೇಕು. ಅದೂ ಕೆರೆಯಷ್ಟು ಬೇಡ, ಒಂದು ಬಟ್ಟಲಿನಷ್ಟಾದರೂ ಸಾಕು. ಮಲೇರಿಯಾದ ಅನಾಫಿಲಿಸ್ ಸೊಳ್ಳೆಗೂ ಊರಿನಲ್ಲಿ ಮುಚ್ಚದ ಓವರ್‌ಹೆಡ್ ಟ್ಯಾಂಕು, ಬಾವಿಗಳೇ ಪ್ರಿಯ.

ಈಡಿಸ್ ಸೊಳ್ಳೆ ದೂರ ಹಾರುವುದೂ ಇಲ್ಲ. ಸಾಮಾನ್ಯವಾಗಿ ಅದು ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನ ಒಳಗೇ ಜೀವನ ಮುಗಿಸುತ್ತದೆ. ಅಂದರೆ ನಿಮ್ಮನ್ನು ಕಚ್ಚಿದ ಈಡಿಸ್ ಸೊಳ್ಳೆ ನಿಮ್ಮ ಮನೆಯದೋ, ಪಕ್ಕದ ಮನೆಯದೋ, ಹೆಚ್ಚೆಂದರೆ ಅದೇ ಬೀದಿಯದೋ ಆಗಿರುತ್ತದೆ. ಶಾಲೆಯಲ್ಲೋ ಕೆಲಸದ ಜಾಗದಲ್ಲೋ ಕಚ್ಚಿದ್ದರೆ ಅಲ್ಲಿಯದು.

ಈ ಪಾಠಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾ ವೈದ್ಯರು ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಕಾಟ ವಿಪರೀತವಾಗಿತ್ತು. ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿರುವುದು ಕಂಡಿತು. ತೊಟ್ಟಿಯನ್ನು ಬೋರಲು ಹಾಕಿಸಿದರು, ಕೋಣೆಯ ಸೊಳ್ಳೆ ಬಹುಪಾಲು ಇಲ್ಲವಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ. ಹದಿನಾಲ್ಕು ವರ್ಷಗಳ ನಂತರ, 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ, ಅದೇ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಸೊಳ್ಳೆಯನ್ನು ನೀರಿನಲ್ಲೇ ಮುಗಿಸಬಹುದು ಎಂಬ ಅರಿವು ಅವರಿಗೆ ಮೊದಲು ಬಂದದ್ದು ಬೆಂಗಳೂರಿನ ಆ ತೊಟ್ಟಿಯಿಂದ.

ನಂಬಿಕೆ ಎರಡು: ನೀರು ಚೆಲ್ಲಿದರೆ ಸಾಕು

ನೀರು ಚೆಲ್ಲುವುದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಏನು ಎಂಬುದು ಈಡಿಸ್ ಮೊಟ್ಟೆಯಿಡುವ ರೀತಿಯನ್ನು ನೋಡಿದರೆ ಅರ್ಥವಾಗುತ್ತದೆ.

ಕ್ಯೂಲೆಕ್ಸ್ ಸೊಳ್ಳೆ ತನ್ನ ಮೊಟ್ಟೆಗಳನ್ನು ಪುಟ್ಟ ತೆಪ್ಪದ ಹಾಗೆ ಜೋಡಿಸಿ ನೀರಿನ ಮೇಲೆ ತೇಲಿಬಿಡುತ್ತದೆ. ಈಡಿಸ್ ಹಾಗೆ ಮಾಡುವುದಿಲ್ಲ. ಅದು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೇವವಿರುವ ಕಡೆ ಒಂದೊಂದಾಗಿ ಅಂಟಿಸುತ್ತದೆ. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ ಎಂದುಕೊಳ್ಳಿ. ಅವನ್ನೂ ಒಂದೇ ಕಡೆ ಇಡದೆ ಹಲವು ಪಾತ್ರೆಗಳಿಗೆ ಹಂಚುತ್ತದೆ. ಗಸಗಸೆಗಿಂತಲೂ ಸಣ್ಣದಾದ ಈ ಕಪ್ಪು ಮೊಟ್ಟೆಗಳು ಡ್ರಮ್ಮಿನ ಗೋಡೆಯ ಮೇಲೆ ಕಣ್ಣಿಗೆ ಬೀಳುವುದೇ ಕಷ್ಟ. ನೀವು ನೀರು ಚೆಲ್ಲಿದರೆ ಮರಿಗಳು ಹೋಗುತ್ತವೆ, ಗೋಡೆಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ. ಅದು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮುಂದೆ ಎಂದೋ ನೀರು ಮತ್ತೆ ಆ ಮಟ್ಟಕ್ಕೆ ಏರಿದಾಗ ಒಡೆಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಒರಳುಕಲ್ಲಿನಿಂದ ಮೊದಲ ಮಳೆಯ ಬೆನ್ನಿಗೇ ಸೊಳ್ಳೆ ಏಳುವ ಗುಟ್ಟು ಇದೇ.

ಹಾಗಾದರೆ ಮಾಡಬೇಕಾದದ್ದೇನು? ನೀರು ಚೆಲ್ಲಿದ ಮೇಲೆ ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆ ನಿಲ್ಲುವ ಭಾಗವನ್ನು, ಗಡಸು ಬ್ರಷ್ಷಿನಿಂದ ಉಜ್ಜಬೇಕು. ಉಜ್ಜಿದ ನೀರನ್ನು ಇನ್ನೊಂದು ಬಕೆಟ್ಟಿಗೆ ಬಿಡದೆ ಒಣ ನೆಲಕ್ಕೆ ಚೆಲ್ಲಬೇಕು. ಪಾತ್ರೆಯನ್ನು ಒಣಗಿಸಿ ಮತ್ತೆ ತುಂಬಬೇಕು. ಆಮೇಲೆ ಬಿಗಿಯಾಗಿ ಮುಚ್ಚಬೇಕು. ಮುಚ್ಚಳ ಸಡಿಲವಿದ್ದರೆ ಹತ್ತಿಯ ಬಟ್ಟೆಯನ್ನು ಬಾಯಿಗೆ ಹೊದಿಸಿ ದಾರ ಬಿಗಿದರೂ ಆದೀತು. ಆದರೆ ಬಟ್ಟೆ ಜೋಲುಬಿದ್ದು ನೀರಿಗೆ ತಾಗಬಾರದು.

ಇದನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಇಲ್ಲಿ ಲೆಕ್ಕ ಮುಖ್ಯ. ನೀರು ತಾಗಿದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಮರಿ ನಾಲ್ಕೈದು ದಿನ ಬೆಳೆಯುತ್ತದೆ. ಆಮೇಲೆ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಕೋಶವಾಗಿ ಎರಡು ದಿನ ಇರುತ್ತದೆ. ಅದು ಒಡೆದು ಸೊಳ್ಳೆ ಹಾರುತ್ತದೆ. ನಮ್ಮ ಮಳೆಗಾಲದ ಹವೆಯಲ್ಲಿ ಒಟ್ಟು ಎಂಟರಿಂದ ಹತ್ತು ದಿನ, ಬಿಸಿಲು ಹೆಚ್ಚಿದ್ದರೆ ಏಳೇ ದಿನ. ಆದ್ದರಿಂದ ವಾರಕ್ಕೊಮ್ಮೆ ಉಜ್ಜಿದರೆ ಹಾರುವ ಮೊದಲೇ ಸರಪಳಿ ತುಂಡಾಗುತ್ತದೆ. ಹತ್ತು ದಿನಕ್ಕೊಮ್ಮೆ ಉಜ್ಜಿದರೆ ಒಂದು ತಂಡ ಆಗಲೇ ಹಾರಿಹೋಗಿರುತ್ತದೆ. ಭಿತ್ತಿಪತ್ರದಲ್ಲಿ ‘ವಾರಕ್ಕೊಮ್ಮೆ ಒಣ ದಿನ’ ಎಂದು ಬರೆಯುವುದು ಈ ಲೆಕ್ಕದ ಮೇಲೆ. ನಮ್ಮ ಮನೆಗಳಲ್ಲಿ ಶುಕ್ರವಾರ ಹೇಗೂ ಸ್ನಾನ, ಶುಚಿ ಎಂದು ಗಮನ ಕೊಡುವ ದಿನ. ಅದನ್ನೇ ಡ್ರಮ್ಮು ಉಜ್ಜುವ ದಿನವಾಗಿಯೂ ಇಟ್ಟುಕೊಂಡರೆ ಮರೆಯುವುದಿಲ್ಲ.

ನೀರು ದಿನಾ ಬಾರದ ಬೀದಿಯಲ್ಲಿ ಡ್ರಮ್ಮು ತುಂಬಿಡಬೇಡಿ ಎನ್ನುವುದು ಸಾಧ್ಯವಿಲ್ಲದ ಮಾತು. ಇಡಿ, ಆದರೆ ಪೂರ್ತಿ ಖಾಲಿಯಾಗುವ ಸರದಿ ಪ್ರತಿ ಡ್ರಮ್ಮಿಗೂ ವಾರದೊಳಗೆ ಬರಲಿ. ಮೇಲೆ ಮೇಲೆ ಬಳಸಿ ಮತ್ತೆ ಮತ್ತೆ ತುಂಬುವ ಡ್ರಮ್ಮೇ ಎಲ್ಲಕ್ಕಿಂತ ಅಪಾಯದ್ದು. ಯಾಕೆಂದರೆ ಅದರಲ್ಲಿ ನೀರಿನ ಮಟ್ಟ ಇಳಿಯುತ್ತದೆ, ಮೊಟ್ಟೆ ಇಡಲು ತೇವದ ಗೋಡೆ ಸಿಗುತ್ತದೆ. ಮತ್ತೆ ತುಂಬಿದಾಗ ಮೊಟ್ಟೆಗೆ ನೀರು ಸಿಗುತ್ತದೆ. ಖಾಲಿ ಮಾಡಲಾಗದ ಸಂಪು, ಟ್ಯಾಂಕುಗಳಿಗೆ ಬಿಗಿ ಮುಚ್ಚಳವೇ ಮದ್ದು. ಮಸೀದಿಯ ತೆರೆದ ಹೌಜಿನಂಥ ಕಡೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು. ಅವು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಆದರೆ ಕ್ಲೋರಿನ್ ಹೆಚ್ಚು ಹಾಕಿದರೆ ಮೀನು ಸಾಯುತ್ತದೆ. ಈ ಮೀನನ್ನು ಕೆರೆಗೆ ಬಿಡಲೂ ಬಾರದು, ಅಲ್ಲಿಯ ನಾಡಮೀನುಗಳ ಮರಿಗೆ ಕಂಟಕವಾಗುತ್ತದೆ.

ಈಗ ಒಂದು ಮನೆಯನ್ನು ಸುತ್ತಿ ಬರೋಣ. ವಿಜಯನಗರದ ಒಂದು ಸಾಧಾರಣ ಎರಡಂತಸ್ತಿನ ಮನೆ ಎಂದುಕೊಳ್ಳಿ. ಗೇಟಿನ ಬಳಿ ಸಂಪು, ಅದರ ಮುಚ್ಚಳದ ಅಂಚು ಮುರಿದಿದೆ. ಹಿತ್ತಲಲ್ಲಿ ಮೂಲೆಗೆ ಸೇರಿದ ಹಳೆಯ ಒರಳುಕಲ್ಲು, ಅದರ ಗುಳಿಯಲ್ಲಿ ಮಳೆನೀರು. ಬಚ್ಚಲಲ್ಲಿ ಇನ್ನೂರು ಲೀಟರಿನ ಡ್ರಮ್ಮು. ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ ನೀರು ಸೇರುವ ತಟ್ಟೆ. ಇದನ್ನು ಫ್ರಿಜ್ಜು ಕೊಂಡ ದಿನದಿಂದ ಯಾರೂ ಎಳೆದು ನೋಡಿಲ್ಲ. ಕಿಟಕಿಯಲ್ಲಿ ಬಾಟಲಿಯಲ್ಲಿಟ್ಟ ಮನಿ ಪ್ಲಾಂಟು. ಹೂಕುಂಡಗಳ ಕೆಳಗಿನ ತಟ್ಟೆಗಳು. ಮಹಡಿಯ ಮೇಲೆ ಒಂದು ಹಳೆಯ ಟಯರು, ಬಣ್ಣದ ಖಾಲಿ ಡಬ್ಬ, ನೀಲಿ ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರು. ನೋಡಿ, ಒಂಬತ್ತು ಬಗೆಯ ಜಾಗಗಳಾದವು. ಯಾವುದರಲ್ಲೂ ಕೊಳಚೆಯಿಲ್ಲ, ವಾಸನೆಯಿಲ್ಲ. ಆದ್ದರಿಂದಲೇ ಇವು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನೋಡುವ ಕ್ರಮ ಹೀಗೆ. ಪಾತ್ರೆಯನ್ನು ಅಲುಗಿಸದೆ ಟಾರ್ಚು ಬಿಡಿ. ನೆರಳು ಬಿದ್ದರೆ, ಪಾತ್ರೆ ಕದಲಿದರೆ ಮರಿಗಳು ತಳಕ್ಕೆ ಇಳಿಯುತ್ತವೆ. ನೀರಿಲ್ಲವೇನೋ, ಹುಳವಿಲ್ಲವೇನೋ ಎನಿಸುತ್ತದೆ. ಒಂದೆರಡು ನಿಮಿಷ ಕಾದರೆ ಉಸಿರಿಗಾಗಿ ಮೇಲೆ ಬರಲೇಬೇಕು. ತಲೆ ಕೆಳಗಾಗಿ ನೀರಿನ ಮೇಲ್ಮೈಗೆ ಜೋತುಬಿದ್ದಿದ್ದರೆ ಅದು ಈಡಿಸ್ ಅಥವಾ ಕ್ಯೂಲೆಕ್ಸ್. ಮೇಲ್ಮೈಗೆ ಸಮಾನಾಂತರವಾಗಿ ಅಡ್ಡ ಮಲಗಿದ್ದರೆ ಅದು ಅನಾಫಿಲಿಸ್.

ವಿದ್ಯಾರ್ಥಿಗಳಿಗೆ ಇದರಲ್ಲೊಂದು ಸರಳ ಗಣಿತವೂ ಇದೆ. ಒಂದು ಬೀದಿಯಲ್ಲಿ 50 ಮನೆ ನೋಡಿದಿರಿ, 4 ಮನೆಯಲ್ಲಿ ಮರಿ ಸಿಕ್ಕಿತು ಎಂದರೆ ನೂರಕ್ಕೆ 8. ಇದು ಮನೆ ಸೂಚ್ಯಂಕ. ಆ 4 ಮನೆಗಳಲ್ಲಿ ಮರಿಯಿದ್ದ ಪಾತ್ರೆಗಳು ಒಟ್ಟು 9 ಎಂದರೆ ನೂರು ಮನೆಗೆ 18 ಪಾತ್ರೆಗಳಾದವು. ಇದಕ್ಕೆ ಬ್ರಿಟೋ ಸೂಚ್ಯಂಕ ಎನ್ನುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಬೀದಿಯೆಲ್ಲ ಕೆಟ್ಟಿದೆಯೋ, ನಾಲ್ಕೇ ಮನೆಗಳಲ್ಲಿ ರಾಶಿ ಬಿದ್ದಿದೆಯೋ ತಿಳಿಯುತ್ತದೆ. ಆದರೆ ಇಂತಿಷ್ಟರ ಕೆಳಗೆ ಇದ್ದರೆ ಡೆಂಗಿ ಬರುವುದಿಲ್ಲ ಎನ್ನುವ ಖಚಿತ ಗೆರೆ ಇಲ್ಲ. ಈ ಸಂಖ್ಯೆ ಎಲ್ಲಿ ಮೊದಲು ಹೋಗಬೇಕೆಂದು ತೋರಿಸುತ್ತದೆ, ಅಭಯ ಕೊಡುವುದಿಲ್ಲ.

ನಂಬಿಕೆ ಮೂರು: ಹೊಗೆ ಹೊಡೆಸಿದರೆ ಎಲ್ಲ ಸರಿ ಹೋಗುತ್ತದೆ

ಬೀದಿಯಲ್ಲಿ ಯಾರಿಗಾದರೂ ಜ್ವರ ಬಂದಾಗ ಆರೋಗ್ಯ ಕಚೇರಿಗೆ ಬರುವ ಮೊದಲ ಬೇಡಿಕೆ ಹೊಗೆಯದು. ಗಾಡಿ ಬಂದು ಬುಸುಬುಸು ಎಂದು ಹೊಗೆ ಬಿಟ್ಟು ಹೋದರೆ ಕೆಲಸ ಆಯಿತು ಎಂಬ ಸಮಾಧಾನ. ಹೊಗೆ ನಿಷ್ಪ್ರಯೋಜಕ ಎಂದು ನಾನು ಹೇಳುವುದಿಲ್ಲ. ರೋಗಿ ಇರುವ ಮನೆಯ ಸುತ್ತಮುತ್ತ, ವಿಷಾಣು ಹೊತ್ತು ಹಾರಾಡುತ್ತಿರುವ ಸೊಳ್ಳೆಗಳನ್ನು ಕೂಡಲೇ ಕಡಿಮೆ ಮಾಡಲು ಅದು ಬೇಕು. ಆದರೆ ಅದು ಆ ಗಳಿಗೆಯಲ್ಲಿ ಗಾಳಿಯಲ್ಲಿರುವ ಸೊಳ್ಳೆಗೆ ಮಾತ್ರ ತಾಗುತ್ತದೆ. ನೀರಿನಲ್ಲಿರುವ ಮರಿಗೆ, ಕೋಶಕ್ಕೆ, ಮೊಟ್ಟೆಗೆ ಏನೂ ಆಗುವುದಿಲ್ಲ. ಈಡಿಸ್ ವಿಶ್ರಮಿಸುವುದು ಮನೆಯೊಳಗೆ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಗಳ ಹಿಂದೆ. ಹೊಗೆಯ ಗಾಡಿ ಬಂದಾಗ ನಾವು ಮಾಡುವುದೇನು? ಬಾಗಿಲು ಕಿಟಕಿ ಮುಚ್ಚಿಕೊಳ್ಳುತ್ತೇವೆ!

ಇನ್ನೊಂದು ಕಾರಣ ಕಾಲದ್ದು. ಒಂದು ಉದಾಹರಣೆ ಲೆಕ್ಕ ಹಾಕೋಣ. ಜುಲೈ 1ರ ಮಳೆಗೆ ಆ ಒರಳುಕಲ್ಲು ತುಂಬಿತು ಎನ್ನಿ. ಜುಲೈ 10ರ ಹೊತ್ತಿಗೆ ಸೊಳ್ಳೆ ಹಾರಿತು. ಹುಟ್ಟಿದ ಕೂಡಲೇ ಅದರಲ್ಲಿ ಸಾಮಾನ್ಯವಾಗಿ ವಿಷಾಣು ಇರುವುದಿಲ್ಲ. ಜುಲೈ 12ರಂದು ಬೀದಿಯ ಒಬ್ಬ ಡೆಂಗಿ ರೋಗಿಯನ್ನು ಕಚ್ಚಿತು. ವಿಷಾಣು ಸೊಳ್ಳೆಯ ಮೈಯಲ್ಲಿ ಬೆಳೆದು ಜೊಲ್ಲಿಗೆ ಬರಲು ಎಂಟರಿಂದ ಹನ್ನೆರಡು ದಿನ ಬೇಕು. ಜುಲೈ 22ರ ನಂತರ ಅದು ಕಚ್ಚಿದವರಿಗೆಲ್ಲ ರೋಗ ಹರಡಬಲ್ಲದು. ಕಚ್ಚಿಸಿಕೊಂಡ ಮಗುವಿಗೆ ಜ್ವರ ಬರಲು ಇನ್ನೂ ನಾಲ್ಕರಿಂದ ಹತ್ತು ದಿನ. ಅಂದರೆ ಜ್ವರ ಕಾಣುವುದು ಜುಲೈ ಕೊನೆಗೆ. ಆಗ ನಾವು ಹೊಗೆ ಕೇಳುತ್ತೇವೆ. ಇಂದಿನ ಜ್ವರ ಸುಮಾರು ಒಂದು ತಿಂಗಳ ಹಿಂದೆ ಯಾರೋ ಬೋರಲು ಹಾಕದೆ ಬಿಟ್ಟ ಪಾತ್ರೆಯಿಂದ ಹೊರಟಿದೆ. ಜುಲೈ ಮೊದಲ ವಾರದಲ್ಲೇ ಆ ಕಲ್ಲನ್ನು ಉಜ್ಜಿ ಮಗುಚಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಇದೇ ಲೆಕ್ಕದಿಂದ ಇನ್ನೊಂದು ಕರ್ತವ್ಯ ಹುಟ್ಟುತ್ತದೆ. ಸೊಳ್ಳೆಗೆ ವಿಷಾಣು ಸಿಗುವುದು ರೋಗಿಯ ರಕ್ತದಿಂದ, ಮುಖ್ಯವಾಗಿ ಜ್ವರದ ಮೊದಲ ನಾಲ್ಕೈದು ದಿನಗಳಲ್ಲಿ. ಆದ್ದರಿಂದ ಜ್ವರದವರನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಪರದೆ ಅವರಿಗಾಗಿ ಮಾತ್ರವಲ್ಲ, ಮನೆಯ ಉಳಿದವರಿಗಾಗಿ, ನೆರೆಯವರಿಗಾಗಿ.

2024ರ ಸೆಪ್ಟೆಂಬರ್ ಆರಂಭದಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ವಾಣಿಜ್ಯ ಕಟ್ಟಡಕ್ಕೆ 1,000, ಕಟ್ಟಡ ಕಾಮಗಾರಿಯ ಜಾಗಕ್ಕೆ 2,000 ರೂಪಾಯಿ ದಂಡವೆಂದು ಆಗ ನಿಗದಿಯಾಯಿತು. ಕಾಮಗಾರಿಗೆ ಹೆಚ್ಚು ದಂಡ ಏಕೆ? ಅಲ್ಲಿ ಕ್ಯೂರಿಂಗಿಗೆ ಕಟ್ಟಿದ ನೀರು, ಲಿಫ್ಟಿನ ಗುಂಡಿ, ತೆರೆದ ತೊಟ್ಟಿಗಳು ವಾರಗಟ್ಟಲೆ ತುಂಬಿರುತ್ತವೆ. ದಂಡದ ಭಯ ಎಷ್ಟು ದಿನವೋ ಗೊತ್ತಿಲ್ಲ. ಆದರೆ ಹೊಣೆ ಯಾರದೆಂಬುದನ್ನು ಆ ಆದೇಶ ಸರಿಯಾಗಿ ಗುರುತಿಸಿತು.

ನಂಬಿಕೆ ನಾಲ್ಕು: ಜ್ವರ ಬಿಟ್ಟರೆ ಗಂಡಾಂತರ ಕಳೆಯಿತು

ಜೀವ ತೆಗೆಯುವ ನಂಬಿಕೆ ಎಂದರೆ ಇದೇ. ಆದ್ದರಿಂದ ದಯವಿಟ್ಟು ಗಮನವಿಟ್ಟು ಕೇಳಿ.

ಒಂದು ಮಗುವಿಗೆ ಸೋಮವಾರ ಜ್ವರ ಬಂತು ಎನ್ನಿ. ಮೈಕೈ ನೋವು, ಕಣ್ಣಿನ ಹಿಂದೆ ನೋವು, ತಲೆನೋವು. ಗುರುವಾರವೋ ಶುಕ್ರವಾರವೋ ಮೈ ತಣ್ಣಗಾಯಿತು. ಮನೆಯವರು ‘ಅಲ್‌ಹಮ್ದುಲಿಲ್ಲಾಹ್, ಜ್ವರ ಬಿಟ್ಟಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಹೆಚ್ಚಿನವರು ಗುಣವಾಗುವುದೂ ಹೌದು. ಆದರೆ ಕೆಲವರಿಗೆ ಡೆಂಗಿಯ ಗಂಡಾಂತರ ಶುರುವಾಗುವುದೇ ಆಗ. ಜ್ವರದ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ, ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರತೊಡಗುತ್ತದೆ. ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಅವಧಿ ಒಂದೆರಡು ದಿನದ್ದು. ಈ ಹೊತ್ತಿನಲ್ಲಿ ಅಳತೆಯಾಗಿ ದ್ರವ ಕೊಟ್ಟರೆ ಬಹುತೇಕ ಎಲ್ಲರನ್ನೂ ಉಳಿಸಬಹುದು. ಅತಿಯಾಗಿ ಕೊಟ್ಟರೆ ಅದೂ ತೊಂದರೆಯೇ, ಆದ್ದರಿಂದ ಅದು ಆಸ್ಪತ್ರೆಯ ಕೆಲಸ.

ನಾವು ನೋಡಬೇಕಾದ ಲಕ್ಷಣಗಳು ಇವು: ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಕು ಅಥವಾ ವಿಪರೀತ ಚಡಪಡಿಕೆ, ಉಸಿರಾಟದ ಕಷ್ಟ, ಹಲವು ಗಂಟೆ ಮೂತ್ರ ಹೋಗದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ಅಂಟಿಕೊಂಡೇ ಪ್ಲೇಟ್‌ಲೆಟ್ಟಿನ ಭಯವೂ ಇದೆ. ಒಂದು ಲಕ್ಷಕ್ಕಿಂತ ಕೆಳಗೆ ಬಂತೆಂದರೆ ನೆಂಟರೆಲ್ಲ ರಕ್ತದಾನಿಗಳನ್ನು ಹುಡುಕಲು ಓಡುತ್ತಾರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಸಾಮಾನ್ಯ, ಕೆಲವೇ ದಿನಗಳಲ್ಲಿ ತಾನಾಗಿಯೇ ಏರುತ್ತದೆ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಅದನ್ನು ಹೊರಗಿನಿಂದ ಏರಿಸುವುದಿಲ್ಲ. ವೈದ್ಯರು ಪ್ಲೇಟ್‌ಲೆಟ್ಟಿನ ಜೊತೆಗೆ ಹೆಮಟೋಕ್ರಿಟ್, ಅಂದರೆ ರಕ್ತದ ಗಟ್ಟಿತನ, ಏರುತ್ತಿದೆಯೇ ಎಂದು ನೋಡುತ್ತಾರೆ. ಪರಂಗಿ ಎಲೆಯ ರಸ ಕುಡಿಸುತ್ತಾ ಮನೆಯಲ್ಲೇ ಕುಳಿತರೆ ಆ ಸೋರಿಕೆ ನಿಲ್ಲುವುದಿಲ್ಲ, ಅಮೂಲ್ಯವಾದ ಹೊತ್ತು ಮಾತ್ರ ಕಳೆದುಹೋಗುತ್ತದೆ.

ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗಬೇಡಿ, ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪರೀಕ್ಷೆಗೂ ದಿನ ನೋಡಬೇಕು. ಮೊದಲ ಐದು ದಿನಗಳಲ್ಲಿ ಎನ್‌ಎಸ್1, ಅದಾದ ಮೇಲೆ ಐಜಿಎಂ ಪರೀಕ್ಷೆ. ತಪ್ಪಾದ ದಿನ ಮಾಡಿಸಿದ ಪರೀಕ್ಷೆ ‘ಇಲ್ಲ’ ಎಂದರೂ ರೋಗ ಇರಬಹುದು. ಮಳೆಗಾಲದ ಜ್ವರವೆಲ್ಲ ಡೆಂಗಿಯೂ ಅಲ್ಲ. ಮಲೇರಿಯಾ, ಟೈಫಾಯಿಡ್, ಇಲಿಜ್ವರ ಎಲ್ಲವೂ ಇದೇ ಕಾಲದವು, ಅವಕ್ಕೆ ಬೇರೆ ಬೇರೆ ಔಷಧವಿದೆ. ಆದ್ದರಿಂದ ಎರಡು ದಿನ ದಾಟಿದ ಜ್ವರಕ್ಕೆ ಮನೆಮದ್ದು ನೆಚ್ಚದೆ ವೈದ್ಯರಿಗೆ ತೋರಿಸಿ.

ಒಮ್ಮೆ ಡೆಂಗಿ ಬಂದರೆ ಮತ್ತೆ ಬರುವುದಿಲ್ಲ ಎನ್ನುವವರೂ ಇದ್ದಾರೆ. ಡೆಂಗಿ ವಿಷಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದಕ್ಕೆ ಮಾತ್ರ ದೀರ್ಘಕಾಲದ ರಕ್ಷಣೆ. ಬೇರೊಂದು ಬಗೆಯಿಂದ ಎರಡನೆಯ ಸಲ ಬಂದಾಗ ತೀವ್ರವಾಗುವ ಸಂಭವ ಹೆಚ್ಚು. ಹಿಂದೆ ಡೆಂಗಿ ಬಂದವರು ವೈದ್ಯರಿಗೆ ಆ ಮಾತನ್ನು ತಪ್ಪದೆ ಹೇಳಬೇಕು.

ಮಿತ್ರರೆ, ಭಿತ್ತಿಪತ್ರದ ನಾಲ್ಕು ಸಾಲಿನ ಕಾರಣಗಳು ಇವು. ಸೊಳ್ಳೆ ಮನೆಯದು, ಮೊಟ್ಟೆ ಗೋಡೆಯದು, ಹೊಗೆ ತಡವಾದದ್ದು, ಗಂಡಾಂತರ ಜ್ವರ ಇಳಿದ ಮೇಲಿನದು. ಮುಂದಿನ ಶುಕ್ರವಾರ ನಿಮ್ಮ ಮನೆಯ ಫ್ರಿಜ್ಜಿನ ಹಿಂದಿನ ತಟ್ಟೆಯನ್ನು ಒಮ್ಮೆ ಎಳೆದು ನೋಡಿ. ಸಂಘದ ಕಟ್ಟಡ, ಹಾಸ್ಟೆಲು, ಮದ್ರಸಾ ಮತ್ತು ಮಸೀದಿಯ ಮಾಡಿನ ಮೇಲಕ್ಕೂ ಟಾರ್ಚು ಹಿಡಿದು ಇಬ್ಬರು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಹತ್ತಲಿ.